ಊರಿನ ದುಡ್ಡು, ಊರಿನವರ ಓಟು

ಬ್ರೆಜಿಲ್ ದೇಶದ ದಕ್ಷಿಣ ತುದಿಯಲ್ಲಿ, ಗ್ವಾಯಿಬ ಎಂಬ ದೊಡ್ಡ ಸರೋವರದ ದಂಡೆಯ ಮೇಲೆ, ಪೋರ್ತೊ ಅಲೆಗ್ರೆ ಎಂಬ ನಗರವಿದೆ. 1989ರ ಜನವರಿಯಲ್ಲಿ ಒಲಿವಿಯೊ ದುತ್ರ ಅಲ್ಲಿ ಮೇಯರ್ ಆಗಿ ಅಧಿಕಾರ ವಹಿಸಿಕೊಂಡರು. ಅವರು ಬ್ಯಾಂಕ್ ನೌಕರರ ಸಂಘದಲ್ಲಿ ದುಡಿದು ಮೇಲೆ ಬಂದವರು. ಅವರ ವರ್ಕರ್ಸ್ ಪಾರ್ಟಿ ಗೆದ್ದದ್ದೇ ಒಂದು ಮಾತಿನ ಮೇಲೆ: ಪಾಲಿಕೆಯ ಹಣ ಎಲ್ಲಿ ಖರ್ಚಾಗಬೇಕೆಂದು ಇನ್ನು ಮುಂದೆ ಬಡಾವಣೆಯ ಜನರೇ ಹೇಳುತ್ತಾರೆ. ನಗರದ ಮೂಲೆ ಮೂಲೆಯಲ್ಲಿದ್ದ ನಿವಾಸಿಗಳ ಸಂಘಗಳು ಕೆಲವು ವರ್ಷಗಳಿಂದ ಇದನ್ನೇ ಕೇಳುತ್ತಿದ್ದವು. ಆದರೆ ಹೊಸ ಆಡಳಿತ ಲೆಕ್ಕಪುಸ್ತಕ ತೆರೆದು ನೋಡಿದಾಗ ಹಂಚಲು ಅಲ್ಲಿ ಹಣವೇ ಇರಲಿಲ್ಲ. ಬಂದ ಆದಾಯದ ಬಹುಪಾಲು ನೌಕರರ ಸಂಬಳಕ್ಕೆ ಹೋಗುತ್ತಿತ್ತು. ಹೊಸ ಕಾಮಗಾರಿಗೆಂದು ನೂರಕ್ಕೆ ಐದೂ ಉಳಿಯುತ್ತಿರಲಿಲ್ಲ.

ಆದರೂ ಸಭೆ ಕರೆದರು, ಜನ ಬಂದರು. ರಸ್ತೆ, ಚರಂಡಿ, ಕುಡಿಯುವ ನೀರು ಎಂದು ನೂರಾರು ಬೇಡಿಕೆಗಳನ್ನು ಬರೆಸಿ ಹೋದರು. ವರ್ಷ ಕಳೆದರೂ ಒಂದು ಗುದ್ದಲಿಯೂ ನೆಲಕ್ಕೆ ಬೀಳಲಿಲ್ಲ. ಎರಡನೆಯ ವರ್ಷ ಸಭೆಗೆ ಬಂದವರು ಮತ್ತಷ್ಟು ಕಡಿಮೆ. ಹನ್ನೆರಡು ಲಕ್ಷಕ್ಕೂ ಮೀರಿ ಜನರಿದ್ದ ಊರಿನಲ್ಲಿ ಸಾವಿರ ಜನ ಸೇರುವುದೇ ಕಷ್ಟವಾಯಿತು.

ಇಂದು ಜಗತ್ತಿನ ಸಾವಿರಾರು ನಗರ, ಪಟ್ಟಣಗಳಲ್ಲಿ ಒಂದಲ್ಲ ಒಂದು ರೂಪದಲ್ಲಿ ನಡೆಯುತ್ತಿರುವ ಸಹಭಾಗಿ ಬಜೆಟ್ ಪದ್ಧತಿ ಹುಟ್ಟಿದ್ದು ಹೀಗೆ. ಪಾಲಿಕೆಯ ಹಣದಲ್ಲಿ ಒಂದು ಪಾಲನ್ನು ಎತ್ತಿಟ್ಟು, ಅದನ್ನು ಯಾವ ಕೆಲಸಕ್ಕೆ ಬಳಸಬೇಕೆಂದು ನಿವಾಸಿಗಳೇ ಓಟು ಹಾಕಿ ತೀರ್ಮಾನಿಸುವುದು ಇದರ ತಿರುಳು. ಪತ್ರಿಕೆಗಳಲ್ಲಿ ಇದರ ಸುದ್ದಿ ಬರುವುದು ಸಾಮಾನ್ಯವಾಗಿ ಓಟಿನ ದಿನ, ಉತ್ಸಾಹದ ಚಿತ್ರಗಳ ಜೊತೆ. ಆದರೆ ಇದರ ಹಣೆಬರಹ ನಿರ್ಧಾರವಾಗುವುದು ಆ ದಿನವಲ್ಲ. ಎಷ್ಟು ಹಣ ಎತ್ತಿಟ್ಟಿದ್ದಾರೆ, ಅದನ್ನು ಹಂಚುವ ಸೂತ್ರ ಯಾವುದು, ಗೆದ್ದ ಕೆಲಸ ಮುಗಿಯಿತೇ ಎಂಬ ಮೂರು ಸಂಗತಿಗಳೇ ಮುಖ್ಯ. ಓಟು ಇವುಗಳ ನಡುವೆ ಬಂದು ಹೋಗುವ ಒಂದು ದಿನ ಮಾತ್ರ.

ಪೋರ್ತೊ ಅಲೆಗ್ರೆ ಮೊದಲ ಸೋಲಿನಿಂದ ಎದ್ದದ್ದು ಸಭೆಗಳನ್ನು ಚೆನ್ನಾಗಿ ನಡೆಸಿ ಅಲ್ಲ, ತೆರಿಗೆ ಹೆಚ್ಚಿಸಿ. ಆಸ್ತಿ ತೆರಿಗೆಯನ್ನು ಪರಿಷ್ಕರಿಸಿ, ದೊಡ್ಡ ಆಸ್ತಿಗಳ ಮೇಲೆ ಹೆಚ್ಚು ದರ ಹಾಕಿದರು. ಅದೇ ಹೊತ್ತಿಗೆ ಬ್ರೆಜಿಲ್‌ನ 1988ರ ಹೊಸ ಸಂವಿಧಾನದಿಂದಾಗಿ ನಗರಗಳಿಗೆ ಕೇಂದ್ರ ಮತ್ತು ರಾಜ್ಯದಿಂದ ಬರುವ ಪಾಲೂ ಹೆಚ್ಚಿತು. ಎರಡು ಮೂರು ವರ್ಷಗಳಲ್ಲಿ ಬಜೆಟ್ಟಿನ ಹತ್ತರಿಂದ ಇಪ್ಪತ್ತು ಪ್ರತಿಶತದಷ್ಟು ಹಣ ಹೊಸ ಕಾಮಗಾರಿಗೆ ಸಿಗತೊಡಗಿತು. ಜನ ಕೇಳಿದ ರಸ್ತೆಗೆ ಡಾಂಬರು ಬಿತ್ತು, ಕೇಳಿದ ಓಣಿಗೆ ಒಳಚರಂಡಿ ಬಂತು. ಪಕ್ಕದ ಓಣಿಯವರು ಅದನ್ನು ಕಣ್ಣಾರೆ ಕಂಡು ಮುಂದಿನ ಸಭೆಗೆ ತಾವೂ ಬಂದರು. 1992ರ ಹೊತ್ತಿಗೆ ಸಭೆಗೆ ಬರುವವರ ಸಂಖ್ಯೆ ಏಳು ಸಾವಿರ ದಾಟಿತು, ದಶಕದ ಕೊನೆಗೆ ಅದರ ಎರಡು ಪಟ್ಟಿಗೂ ಹೆಚ್ಚಾಯಿತು.

ಒಂದು ವರ್ಷದ ಕೆಲಸ ಅಲ್ಲಿ ಹೇಗೆ ಸಾಗುತ್ತಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ನಗರವನ್ನು ಹದಿನಾರು ಪ್ರದೇಶಗಳಾಗಿ ವಿಂಗಡಿಸಿದ್ದರು. ಆಡಳಿತ ಮೊದಲು ಹೇಳಿದ್ದು ಇದಕ್ಕಿಂತ ಬಹಳ ಕಡಿಮೆ ಪ್ರದೇಶಗಳನ್ನು. ಅಷ್ಟು ದೊಡ್ಡ ಪ್ರದೇಶದಲ್ಲಿ ನಮ್ಮ ದನಿ ಕೇಳುವುದಿಲ್ಲ ಎಂದು ನಿವಾಸಿಗಳ ಸಂಘಗಳು ಹಟ ಹಿಡಿದು ಹದಿನಾರು ಮಾಡಿಸಿದವು. ವರ್ಷದ ಮೊದಲರ್ಧದಲ್ಲಿ ಪ್ರತಿ ಪ್ರದೇಶದಲ್ಲೂ ದೊಡ್ಡ ಸಭೆ. ಅಲ್ಲಿ ಮೇಯರ್ ಸ್ವತಃ ಎದ್ದು ನಿಂತು, ಕಳೆದ ವರ್ಷ ಒಪ್ಪಿಕೊಂಡ ಕೆಲಸಗಳಲ್ಲಿ ಯಾವುದು ಮುಗಿಯಿತು, ಯಾವುದು ನಿಂತಿತು, ಏಕೆ ನಿಂತಿತು ಎಂದು ಲೆಕ್ಕ ಒಪ್ಪಿಸಬೇಕಿತ್ತು. ನಂತರ ಓಣಿ ಓಣಿಯಲ್ಲಿ ಅಧಿಕಾರಿಗಳಿಲ್ಲದ ಸಣ್ಣ ಕೂಟಗಳು. ಅಲ್ಲಿ ಜನ ತಮ್ಮ ಬೇಡಿಕೆಗಳನ್ನು ಸಾಲಾಗಿ ಜೋಡಿಸುತ್ತಿದ್ದರು. ಮೊದಲು ಒಳಚರಂಡಿ, ಆಮೇಲೆ ರಸ್ತೆ, ಆಮೇಲೆ ಆರೋಗ್ಯ ಕೇಂದ್ರ, ಹೀಗೆ. ಮತ್ತೆ ದೊಡ್ಡ ಸಭೆ ಸೇರಿ ಪ್ರದೇಶದ ಆದ್ಯತೆಗಳನ್ನು ಗೊತ್ತು ಮಾಡಿ, ನಗರ ಮಟ್ಟದ ಬಜೆಟ್ ಮಂಡಳಿಗೆ ಇಬ್ಬರನ್ನು ಆರಿಸಿ ಕಳುಹಿಸುತ್ತಿದ್ದರು. ಆ ಪ್ರತಿನಿಧಿಗಳಿಗೆ ಸಂಬಳವಿಲ್ಲ. ಅವರು ಕೆಲಸ ಮಾಡದಿದ್ದರೆ ಕಳುಹಿಸಿದ ಜನರೇ ವಾಪಸು ಕರೆಸಿಕೊಳ್ಳಬಹುದಿತ್ತು.

ಮಳೆಗಾಲ, ಚಳಿಗಾಲ ಎನ್ನದೆ ಈ ಮಂಡಳಿ ಸೇರಿ, ಇಲಾಖೆಯ ಎಂಜಿನಿಯರುಗಳನ್ನು ಎದುರಿಗೆ ಕೂರಿಸಿಕೊಂಡು, ಹಣವನ್ನು ಪ್ರದೇಶವಾರು ಹಂಚುತ್ತಿತ್ತು. ಸೆಪ್ಟೆಂಬರ್ ಕೊನೆಗೆ ಬಜೆಟ್ ಚುನಾಯಿತ ಪಾಲಿಕೆ ಸದಸ್ಯರ ಮುಂದೆ ಹೋಗುತ್ತಿತ್ತು. ಕಾನೂನಿನ ಪ್ರಕಾರ ಒಪ್ಪಿಗೆ ಕೊಡುವವರು ಅವರೇ. ಆದರೆ ಹದಿನಾರು ಪ್ರದೇಶಗಳ ಜನ ಕೂತು ಮಾಡಿದ ಪಟ್ಟಿಯನ್ನು ಕಿತ್ತು ಹಾಕುವ ಧೈರ್ಯ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ. ಕೊನೆಗೆ ಯಾವ ಓಣಿಗೆ ಯಾವ ಕೆಲಸ ಎಂಬ ವಿವರಗಳೊಂದಿಗೆ ಒಂದು ಪುಸ್ತಿಕೆ ಅಚ್ಚಾಗಿ ಹೊರಬರುತ್ತಿತ್ತು. ಮುಂದಿನ ವರ್ಷದ ಸಭೆಗೆ ಜನ ಆ ಪುಸ್ತಿಕೆಯನ್ನೇ ಹಿಡಿದುಕೊಂಡು ಬಂದು, ಇಂಥ ಪುಟದ ಇಂಥ ಕೆಲಸ ಎಲ್ಲಿ ಎಂದು ಕೇಳುತ್ತಿದ್ದರು. ಇಡೀ ಪದ್ಧತಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಈ ಪುಸ್ತಿಕೆ.

ಇನ್ನು ಹಂಚುವ ಸೂತ್ರ. ಯಾವ ಪ್ರದೇಶದಿಂದ ಹೆಚ್ಚು ಜನ ಸಭೆಗೆ ಬಂದರೋ ಅದಕ್ಕೆ ಹೆಚ್ಚು ಹಣ ಎಂದು ಅವರು ಮಾಡಲಿಲ್ಲ. ಪ್ರತಿ ಪ್ರದೇಶಕ್ಕೂ ಮೂರು ವಿಷಯಗಳಲ್ಲಿ ಒಂದರಿಂದ ನಾಲ್ಕರವರೆಗೆ ಅಂಕ. ಆ ಸೌಲಭ್ಯದ ಕೊರತೆ ಅಲ್ಲಿ ಎಷ್ಟಿದೆ, ಅಲ್ಲಿ ಜನ ಎಷ್ಟಿದ್ದಾರೆ, ಆ ಕೆಲಸವನ್ನು ಅಲ್ಲಿಯ ಜನ ಎಷ್ಟನೆಯ ಆದ್ಯತೆಯಾಗಿ ಇಟ್ಟಿದ್ದಾರೆ ಎಂಬುವೇ ಆ ಮೂರು. ಪ್ರತಿ ಅಂಕವನ್ನೂ ಒಂದೊಂದು ಗುಣಕದಿಂದ ಗುಣಿಸಿ ಕೂಡುತ್ತಿದ್ದರು. ಗುಣಕಗಳನ್ನು ಮಂಡಳಿಯೇ ಆಗಾಗ ಬದಲಿಸುತ್ತಿತ್ತು. ಅರ್ಥವಾಗಲೆಂದು ಕೊರತೆಗೆ 4, ಜನಸಂಖ್ಯೆಗೆ 2, ಆದ್ಯತೆಗೆ 4 ಎಂದು ಇಟ್ಟುಕೊಳ್ಳೋಣ. ಊರಂಚಿನ ಒಂದು ಸಣ್ಣ ಪ್ರದೇಶದಲ್ಲಿ ಹತ್ತರಲ್ಲಿ ಎಂಟು ಮನೆಗಳಿಗೆ ಒಳಚರಂಡಿ ಇಲ್ಲ. ಕೊರತೆಗೆ ಪೂರ್ತಿ ನಾಲ್ಕು ಅಂಕ, ಗುಣಿಸಿದರೆ 16. ಜನ ಕಡಿಮೆ, ಒಂದೇ ಅಂಕ, ಗುಣಿಸಿದರೆ 2. ಒಳಚರಂಡಿಯೇ ಅವರ ಮೊದಲ ಆದ್ಯತೆ, ಅದಕ್ಕೆ 16. ಒಟ್ಟು 34. ನಗರದ ನಡುವಿನ ದೊಡ್ಡ ಪ್ರದೇಶದಲ್ಲಿ ಹತ್ತರಲ್ಲಿ ಎರಡು ಮನೆಗಳಿಗೆ ಮಾತ್ರ ಕೊರತೆ. ಅದಕ್ಕೆ ಎರಡು ಅಂಕ, ಗುಣಿಸಿದರೆ 8. ಜನ ತುಂಬಾ, ನಾಲ್ಕು ಅಂಕ, ಅದೂ 8. ಒಳಚರಂಡಿ ಅವರಿಗೆ ಮೂರನೆಯ ಆದ್ಯತೆ, ಎರಡು ಅಂಕ, ಮತ್ತೆ 8. ಒಟ್ಟು 24. ಆ ವರ್ಷ ಈ ಎರಡು ಪ್ರದೇಶಗಳ ನಡುವೆ 58 ಕಿಲೋಮೀಟರ್ ಒಳಚರಂಡಿ ಹಂಚಬೇಕಿದ್ದರೆ, ಜನ ಕಡಿಮೆಯಿದ್ದರೂ ಊರಂಚಿನವರಿಗೆ 34 ಕಿಲೋಮೀಟರ್, ನಡುವಿನವರಿಗೆ 24.

ಈ ಲೆಕ್ಕದಲ್ಲಿ ಸಭೆಗೆ ಬಾರದವರ ಮನೆಯೂ ಎಣಿಕೆಗೆ ಸಿಗುತ್ತದೆ ಎಂಬುದನ್ನು ಗಮನಿಸಬೇಕು. ಹಗಲೆಲ್ಲ ಕೂಲಿ ಮಾಡಿ ರಾತ್ರಿ ಮನೆ ಸೇರುವವಳು ಸಭೆಯಲ್ಲಿ ಕೈ ಎತ್ತದಿದ್ದರೂ, ಅವಳ ಮನೆಗೆ ಒಳಚರಂಡಿ ಇಲ್ಲ ಎಂಬ ಸಂಗತಿ ಕೊರತೆಯ ಅಂಕದೊಳಗೆ ಕೂತಿರುತ್ತದೆ. ಸಭೆಗೆ ಬರುವವರಲ್ಲಿಯೂ ಬಡವರು, ಕಡಿಮೆ ಓದಿದವರು ನಗರದಲ್ಲಿ ಅವರಿರುವ ಪ್ರಮಾಣಕ್ಕಿಂತ ಹೆಚ್ಚೇ ಇದ್ದರು ಎಂದು ಅಲ್ಲಿ ನಡೆದ ಸಮೀಕ್ಷೆಗಳು ತೋರಿಸಿವೆ. ತಮಗೆ ಬರುವುದು ಹೆಚ್ಚು ಎಂದು ಗೊತ್ತಾದ ಮೇಲೆ ಅವರು ಬಾರದೆ ಇರುತ್ತಾರೆಯೇ? ಆದರೆ ಕಡುಬಡವರು ಅಲ್ಲಿಯೂ ಹಿಂದುಳಿದರು. ಸಭೆಯಿಂದ ಮಂಡಳಿಗೆ ಏರುವಾಗ ಹೆಂಗಸರ ಸಂಖ್ಯೆಯೂ, ಓದು ಕಡಿಮೆಯಿದ್ದವರ ಸಂಖ್ಯೆಯೂ ಬಹುಕಾಲ ಇಳಿಯುತ್ತಲೇ ಇತ್ತು.

ಪೋರ್ತೊ ಅಲೆಗ್ರೆಯ ಹೆಸರು ಹರಡಿತು. 1996ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವಸಂಸ್ಥೆಯ ವಸತಿ ಸಮ್ಮೇಳನದಲ್ಲಿ ಅದಕ್ಕೆ ಮನ್ನಣೆ ಸಿಕ್ಕಿತು. ಯುರೋಪು, ಅಮೆರಿಕದ ನಗರಗಳು ಅದನ್ನು ಎತ್ತಿಕೊಂಡವು. ಎತ್ತಿಕೊಳ್ಳುವಾಗ ಅವು ಬಹಳ ಕಡೆ ಕೊರತೆಯ ಸೂತ್ರವನ್ನು ಬಿಟ್ಟು, ಓಟನ್ನು ಮಾತ್ರ ಇಟ್ಟುಕೊಂಡವು. ಯಾರು ಬೇಕಾದರೂ ಒಂದು ಯೋಜನೆ ಸೂಚಿಸಬಹುದು, ಅಧಿಕಾರಿಗಳು ಅದರ ಖರ್ಚು ಅಂದಾಜು ಮಾಡುತ್ತಾರೆ, ಪಟ್ಟಿ ಪ್ರಕಟವಾಗುತ್ತದೆ, ಜನ ಕಾಗದದ ಮೇಲೆ ಅಥವಾ ಮೊಬೈಲಿನಲ್ಲಿ ತಮಗಿಷ್ಟವಾದವುಗಳಿಗೆ ಓಟು ಹಾಕುತ್ತಾರೆ. ಪೋಲೆಂಡಿನಲ್ಲಿ 2018ರ ಕಾನೂನು ದೊಡ್ಡ ನಗರಗಳಿಗೆ ಇದನ್ನು ಕಡ್ಡಾಯವೇ ಮಾಡಿತು. ಖರ್ಚಿನ ಕನಿಷ್ಠ 0.5 ಪ್ರತಿಶತವನ್ನು ಹೀಗೆ ಜನರ ಓಟಿಗೆ ಬಿಡಬೇಕು. ನೂರು ರೂಪಾಯಿಯಲ್ಲಿ ಐವತ್ತು ಪೈಸೆ.

ಓಟು ಎಣಿಸುವ ವಿಧಾನ ಅತ್ಯಂತ ಸರಳ. ಹೆಚ್ಚು ಓಟು ಬಿದ್ದ ಯೋಜನೆಯಿಂದ ಶುರು ಮಾಡಿ, ಹಣ ಮುಗಿಯುವವರೆಗೆ ಒಂದೊಂದಾಗಿ ಮಂಜೂರು ಮಾಡುತ್ತಾ ಹೋಗುವುದು. ಇದಕ್ಕಿಂತ ನ್ಯಾಯವಾದದ್ದು ಇನ್ನೇನಿದೆ ಎನಿಸುತ್ತದೆ. ಒಂದು ಲೆಕ್ಕ ಹಾಕಿ ನೋಡೋಣ.

ಒಂದು ಊರಿನಲ್ಲಿ ಒಂದು ಕೋಟಿ ರೂಪಾಯಿ ಓಟಿಗೆ ಬಿಟ್ಟಿದ್ದಾರೆ, ಹತ್ತು ಸಾವಿರ ಜನ ಓಟು ಹಾಕಿದ್ದಾರೆ. ಅವರಲ್ಲಿ ಆರು ಸಾವಿರ ಜನ ಹೊಸ ಬಡಾವಣೆಯವರು, ನಾಲ್ಕು ಸಾವಿರ ಜನ ಹಳೆಯ ಪೇಟೆಯವರು. ಒಬ್ಬರು ಎಷ್ಟು ಯೋಜನೆಗಳಿಗಾದರೂ ಓಟು ಹಾಕಬಹುದು. ಅವರವರು ಅವರವರ ಕಡೆಯ ಕೆಲಸಗಳಿಗೇ ಹಾಕಿದರು. ಬಡಾವಣೆಯ ಪಾರ್ಕಿಗೆ 36 ಲಕ್ಷ ಬೇಕು, ಬಿದ್ದ ಓಟು 6,000. ಬೀದಿ ದೀಪಕ್ಕೆ 22 ಲಕ್ಷ, ಓಟು 5,500. ವ್ಯಾಯಾಮ ಶಾಲೆಗೆ 40 ಲಕ್ಷ, ಓಟು 5,000. ಪೇಟೆಯ ಚರಂಡಿ ದುರಸ್ತಿಗೆ 24 ಲಕ್ಷ, ಓಟು 4,000. ಸಾರ್ವಜನಿಕ ಶೌಚಾಲಯಕ್ಕೆ 14 ಲಕ್ಷ, ಓಟು 3,500. ಮೇಲಿನಿಂದ ಎಣಿಸುತ್ತಾ ಬಂದರೆ ಪಾರ್ಕು, ದೀಪ, ವ್ಯಾಯಾಮ ಶಾಲೆ ಮೂರಕ್ಕೇ 98 ಲಕ್ಷ ಮುಗಿಯಿತು. ಉಳಿದ ಎರಡು ಲಕ್ಷದಲ್ಲಿ ಚರಂಡಿಯೂ ಆಗದು, ಶೌಚಾಲಯವೂ ಆಗದು. ಹತ್ತರಲ್ಲಿ ನಾಲ್ಕು ಜನ ಓಟು ಹಾಕಿ ಬರಿಗೈಯಲ್ಲಿ ಮನೆಗೆ ಹೋದರು. ಮುಂದಿನ ವರ್ಷವೂ ಇದೇ ಆಗುತ್ತದೆ, ಅದರ ಮುಂದಿನ ವರ್ಷವೂ. ಯಾರೂ ಮೋಸ ಮಾಡಿಲ್ಲ, ಎಣಿಕೆಯಲ್ಲಿ ತಪ್ಪಿಲ್ಲ. ಸೂತ್ರವೇ ಹಾಗಿದೆ.

ಇದಕ್ಕೆ ಗಣಿತ ಬಲ್ಲವರು ಒಂದು ಪರಿಹಾರ ಕಂಡುಕೊಂಡಿದ್ದಾರೆ. ಡೊಮಿನಿಕ್ ಪೀಟರ್ಸ್ ಮತ್ತು ಪಿಯೋತ್ರ್ ಸ್ಕೊವ್ರೊನ್ ಎಂಬ ಇಬ್ಬರು ವಿದ್ವಾಂಸರು ರೂಪಿಸಿದ ಈ ವಿಧಾನವನ್ನು ಸಮಪಾಲು ವಿಧಾನ ಎನ್ನಬಹುದು. ಒಟ್ಟು ಹಣವನ್ನು ಓಟು ಹಾಕಿದವರೆಲ್ಲರ ಹೆಸರಿಗೆ ಸಮನಾಗಿ ಹಂಚುತ್ತಾರೆ. ನಮ್ಮ ಲೆಕ್ಕದಲ್ಲಿ ತಲೆಗೆ ಸಾವಿರ ರೂಪಾಯಿ. ಇದು ಕಾಗದದ ಮೇಲಿನ ಹಂಚಿಕೆ, ಯಾರ ಕೈಗೂ ಹಣ ಬರುವುದಿಲ್ಲ. ಒಂದು ಯೋಜನೆ ಗೆಲ್ಲಬೇಕಾದರೆ ಅದಕ್ಕೆ ಓಟು ಹಾಕಿದವರ ಪಾಲಿನಿಂದಲೇ ಅದರ ಖರ್ಚು ಹುಟ್ಟಬೇಕು. ಪಾರ್ಕಿಗೆ 36 ಲಕ್ಷ, ಆರು ಸಾವಿರ ಜನ, ತಲೆಗೆ 600 ರೂಪಾಯಿ. ಸರಿ, ಪಾರ್ಕು ಆಯಿತು. ಬಡಾವಣೆಯವರ ಹತ್ತಿರ ಈಗ ತಲಾ 400 ಉಳಿಯಿತು. ದೀಪಕ್ಕೆ 22 ಲಕ್ಷವನ್ನು 5,500 ಜನ ಹಂಚಿಕೊಂಡರೆ ತಲಾ 400. ಅದೂ ಆಯಿತು, ಅವರ ಪಾಲು ಅಲ್ಲಿಗೆ ಖಾಲಿ. ವ್ಯಾಯಾಮ ಶಾಲೆ ಬೇಕೆಂದ ಐದು ಸಾವಿರ ಜನರಲ್ಲಿ ಹೆಚ್ಚಿನವರ ಹತ್ತಿರ ಬಿಡಿಗಾಸೂ ಇಲ್ಲ, ಹಾಗಾಗಿ ಅದು ಆಗದು. ಪೇಟೆಯವರ ಪಾಲು ಇನ್ನೂ ಹಾಗೆಯೇ ಇದೆ. ಚರಂಡಿಗೆ ನಾಲ್ಕು ಸಾವಿರ ಜನ ತಲಾ 600 ಕೊಟ್ಟರು, ಶೌಚಾಲಯಕ್ಕೆ ಮೂರೂವರೆ ಸಾವಿರ ಜನ ತಲಾ 400 ಕೊಟ್ಟರು. ಒಟ್ಟು ಖರ್ಚು 96 ಲಕ್ಷ, ನಾಲ್ಕು ಕೆಲಸ, ಎರಡೂ ಕಡೆಯವರಿಗೆ ಅವರವರ ಸಂಖ್ಯೆಗೆ ತಕ್ಕಷ್ಟು. ಓಟುಗಳು ಅವೇ, ಹಣವೂ ಅಷ್ಟೇ. ಎಣಿಸುವ ರೀತಿ ಮಾತ್ರ ಬೇರೆ.

2023ರಲ್ಲಿ ಪೋಲೆಂಡಿನ ವಿಯೆಲಿಚ್ಕ ಪಟ್ಟಣದವರೂ ಸ್ವಿಟ್ಜರ್ಲೆಂಡಿನ ಆರಾವ್ ಪಟ್ಟಣದವರೂ ಈ ವಿಧಾನವನ್ನು ನಿಜವಾದ ಓಟಿನಲ್ಲಿ ಬಳಸಿದರು. ಆರಾವ್‌ನಲ್ಲಿ ಓಟಿಗೆ ಬಿಟ್ಟದ್ದು ಐವತ್ತು ಸಾವಿರ ಸ್ವಿಸ್ ಫ್ರಾಂಕ್, ಪಟ್ಟಿಯಲ್ಲಿದ್ದದ್ದು 33 ಯೋಜನೆಗಳು. ಹಳೆಯ ರೀತಿಯಲ್ಲಿ ಎಣಿಸಿದ್ದರೆ ಏಳು ಗೆಲ್ಲುತ್ತಿದ್ದವು, ಸಮಪಾಲು ವಿಧಾನದಲ್ಲಿ ಹದಿನೇಳು ಗೆದ್ದವು. ಆದರೆ ತೊಡಕು ಇಲ್ಲಿಯೂ ಇದೆ. ಹೆಚ್ಚು ಓಟು ಬಿದ್ದ ವ್ಯಾಯಾಮ ಶಾಲೆ ಸೋತು, ಕಡಿಮೆ ಓಟು ಬಿದ್ದ ಶೌಚಾಲಯ ಹೇಗೆ ಗೆದ್ದಿತು ಎಂದು ಬಡಾವಣೆಯವರು ಕೇಳಿದಾಗ, ಅದನ್ನು ಎರಡು ಮಾತಿನಲ್ಲಿ ವಿವರಿಸುವುದು ಯಾವ ಮೇಯರ್‌ಗೂ ಸುಲಭವಲ್ಲ. ಆದ್ದರಿಂದ ಸೂತ್ರವನ್ನು ಓಟಿಗೆ ಮೊದಲೇ, ಉದಾಹರಣೆ ಸಮೇತ, ಜನರ ಮುಂದೆ ಇಡಬೇಕು. ಇದಕ್ಕಿಂತ ದೊಡ್ಡ ಮಿತಿ ಇನ್ನೊಂದು. ಸಮಪಾಲು ಸಿಗುವುದು ಓಟು ಹಾಕಿದವರಿಗೆ ಮಾತ್ರ. ಹಳೆಯ ಪೇಟೆಯಿಂದ ನಾಲ್ಕು ಸಾವಿರದ ಬದಲು ನಾಲ್ಕು ನೂರು ಜನ ಬಂದಿದ್ದರೆ ಚರಂಡಿ ಈ ವಿಧಾನದಲ್ಲೂ ಆಗುತ್ತಿರಲಿಲ್ಲ. ಪೋರ್ತೊ ಅಲೆಗ್ರೆಯ ಕೊರತೆಯ ಅಂಕ ಮಾಡುತ್ತಿದ್ದ ಕೆಲಸವನ್ನು ಯಾವ ಎಣಿಕೆಯೂ ಮಾಡಲಾರದು.

ಪ್ಯಾರಿಸ್ ಇದನ್ನು ನಡುವೆಯೇ ಕಂಡುಕೊಂಡಿತು. ಮೇಯರ್ ಆನ್ ಇದಾಲ್ಗೊ 2014ರಲ್ಲಿ ನಗರದ ಬಂಡವಾಳ ವೆಚ್ಚದ ಐದು ಪ್ರತಿಶತವನ್ನು ಜನರ ಓಟಿಗೆ ಬಿಟ್ಟರು. ಮಕ್ಕಳು, ಬೇರೆ ದೇಶದ ಪ್ರಜೆಗಳು ಸೇರಿದಂತೆ ಪ್ಯಾರಿಸ್ಸಿನಲ್ಲಿ ವಾಸವಿರುವ ಯಾರು ಬೇಕಾದರೂ ಓಟು ಹಾಕಬಹುದಿತ್ತು. ಮೊದಲ ವರ್ಷ ಗೆದ್ದವುಗಳಲ್ಲಿ ಕಟ್ಟಡಗಳ ಗೋಡೆಗೆ ಹಸಿರು ಬಳ್ಳಿ ಹಬ್ಬಿಸುವ ಯೋಜನೆಯೂ ಒಂದು. ಎರಡು ವರ್ಷ ಕಳೆದ ಮೇಲೆ, 2016ರಿಂದ, ಒಟ್ಟು ಹಣದಲ್ಲಿ ಮೂರು ಕೋಟಿ ಯೂರೊವನ್ನು ಕೆಳವರ್ಗದ ಜನ ಹೆಚ್ಚಾಗಿರುವ ಬಡಾವಣೆಗಳಿಗೇ ಮೀಸಲಿಟ್ಟರು. ಓಟಿನೊಳಗೆ ಬಾರದ ನ್ಯಾಯವನ್ನು ಓಟಿನ ಹೊರಗಿನಿಂದ ತಂದರು. ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಮೊದಲು ಕೊರತೆ ನೋಡಿ ಪ್ರದೇಶಕ್ಕೆ ಹಣ ಗೊತ್ತು ಮಾಡಬೇಕು, ಆಮೇಲೆ ಆ ಪ್ರದೇಶದವರು ತಮ್ಮೊಳಗೆ ಓಟು ಹಾಕಿಕೊಳ್ಳಬೇಕು.

ಓಟು ಮುಗಿದ ಮೇಲಿನ ಕಥೆಗೆ ನ್ಯೂಯಾರ್ಕನ್ನು ನೋಡಬೇಕು. 2011ರಲ್ಲಿ ಅಲ್ಲಿಯ ನಗರಸಭೆಯ ನಾಲ್ವರು ಸದಸ್ಯರು ತಮ್ಮ ಕ್ಷೇತ್ರದ ಅನುದಾನದಿಂದ ತಲಾ ಕನಿಷ್ಠ ಹತ್ತು ಲಕ್ಷ ಡಾಲರನ್ನು ಜನರ ಓಟಿಗೆ ಬಿಟ್ಟರು. ಅದು ಬಂಡವಾಳ ವೆಚ್ಚದ ಹಣ. ಕಟ್ಟಬಹುದು, ದುರಸ್ತಿ ಮಾಡಬಹುದು, ಯಂತ್ರ ಕೊಳ್ಳಬಹುದು. ಹಾಗೆ ಮಾಡಿದ್ದು ಕನಿಷ್ಠ ಐದು ವರ್ಷ ಬಾಳಬೇಕು. ಅದರಿಂದ ಯಾರಿಗೂ ಸಂಬಳ ಕೊಡುವ ಹಾಗಿಲ್ಲ. ಹಾಗಾಗಿ ಶಾಲೆಯ ಶೌಚಾಲಯ ಹೊಸದಾಗುತ್ತದೆ, ಅದನ್ನು ತೊಳೆಯುವವರನ್ನು ನೇಮಿಸಲು ಓಟಿನಿಂದ ಆಗುವುದಿಲ್ಲ. ಗ್ರಂಥಾಲಯಕ್ಕೆ ಕಂಪ್ಯೂಟರ್ ಬರುತ್ತದೆ, ಗ್ರಂಥಾಲಯ ಇನ್ನೆರಡು ಗಂಟೆ ಹೆಚ್ಚು ತೆರೆದಿರಲಿ ಎಂಬುದು ಪಟ್ಟಿಗೇ ಸೇರುವುದಿಲ್ಲ. ಊರಿನ ಜನಕ್ಕೆ ಬೇಕಾದ ಎಷ್ಟೋ ಸಂಗತಿಗಳು ಮನುಷ್ಯರ ದುಡಿಮೆಯಿಂದ ಆಗುವಂಥವು, ಸಿಮೆಂಟಿನಿಂದ ಆಗುವಂಥವಲ್ಲ. ಈ ಪದ್ಧತಿ ಬಹುತೇಕ ಎಲ್ಲ ಕಡೆಯೂ ಸಿಮೆಂಟಿನ ಪಾಲನ್ನು ಮಾತ್ರ ಜನರಿಗೆ ಬಿಡುತ್ತದೆ.

ಗೆದ್ದ ಕೆಲಸವೂ ಕೂಡಲೇ ಆಗುವುದಿಲ್ಲ. ಉದ್ಯಾನದ ಕೆಲಸವಾದರೆ ಉದ್ಯಾನ ಇಲಾಖೆ ನಕ್ಷೆ ಮಾಡಬೇಕು, ಎಸ್ಟಿಮೇಟ್ ಹಾಕಬೇಕು, ಬೇರೆ ಇಲಾಖೆಗಳ ಒಪ್ಪಿಗೆ ಪಡೆಯಬೇಕು, ಟೆಂಡರ್ ಕರೆಯಬೇಕು. ಮೂರು ನಾಲ್ಕು ವರ್ಷ ಹಿಡಿಯುವುದು ಅಪರೂಪವಲ್ಲ. ಓಟಿನ ಹೊತ್ತಿಗೆ ಅವಸರದಲ್ಲಿ ಹಾಕಿದ ಅಂದಾಜು ಟೆಂಡರಿನ ಹೊತ್ತಿಗೆ ಸಾಲದೆ ಹೋದರೆ, ಕೆಲಸ ಕುಗ್ಗುತ್ತದೆ ಇಲ್ಲವೇ ನಿಲ್ಲುತ್ತದೆ. ಆಟದ ಮೈದಾನ ಬೇಕೆಂದು ಓಟು ಹಾಕಿದ ಹುಡುಗ ಮೈದಾನ ಆಗುವ ಹೊತ್ತಿಗೆ ಕಾಲೇಜಿಗೆ ಹೋಗಿರುತ್ತಾನೆ. ಈ ನಡುವೆ ಪ್ರತಿ ವರ್ಷ ಹೊಸ ಓಟು ನಡೆದು ಹೊಸ ಕೆಲಸಗಳು ಸಾಲಿಗೆ ಸೇರುತ್ತವೆ, ಹಳೆಯವು ಬಾಕಿ ಉಳಿಯುತ್ತವೆ.

ಪೋರ್ತೊ ಅಲೆಗ್ರೆ ಕೊನೆಗೆ ಸೊರಗಿದ್ದೂ ಈ ಬಾಕಿಯಿಂದಲೇ. ರಸ್ತೆ, ಚರಂಡಿ ಬಂದ ಮೇಲೆ ಜನ ಮನೆ ಕೇಳತೊಡಗಿದರು. ಮನೆಗೆ ಜಾಗ ಬೇಕು, ಜಾಗದ ಹಕ್ಕುಪತ್ರದ ತಕರಾರು ನ್ಯಾಯಾಲಯದಲ್ಲಿ ಬಗೆಹರಿಯಬೇಕು, ಹಣವೂ ಹೆಚ್ಚು ಬೇಕು. ವರ್ಷಕ್ಕೊಮ್ಮೆ ಸೇರಿ ವರ್ಷದ ಹಣ ಹಂಚುವ ಮಂಡಳಿಗೆ ಹತ್ತು ವರ್ಷ ಹಿಡಿಯುವ ಕೆಲಸ ನಿಭಾಯಿಸುವುದು ಕಷ್ಟ. ಒಪ್ಪಿಕೊಂಡ ಕೆಲಸಗಳು ಪುಸ್ತಿಕೆಯಿಂದ ಪುಸ್ತಿಕೆಗೆ ದಾಟುತ್ತಾ ಹೋದವು. ಹದಿನಾರು ವರ್ಷ ಆಳಿದ ವರ್ಕರ್ಸ್ ಪಾರ್ಟಿ 2004ರ ಚುನಾವಣೆಯಲ್ಲಿ ಸೋತಿತು. ಹೊಸ ಆಡಳಿತ ಸಭೆಗಳನ್ನು ನಿಲ್ಲಿಸಲಿಲ್ಲ. ಆದರೆ ಮೇಯರ್ ಎದುರು ನಿಂತು ಲೆಕ್ಕ ಕೇಳುವ ಬಿಸಿ ಆರಿತು, ಸಭೆಗೆ ಮಂಜೂರಾಗುವ ಹಣ ಇಳಿಯಿತು. 2017ರಲ್ಲಿ ಮೇಯರ್ ನೆಲ್ಸನ್ ಮಾರ್ಕೆಜಾನ್, ಬೊಕ್ಕಸ ಬರಿದಾಗಿದೆ, ಹಳೆಯ ಬಾಕಿಯೇ ಬೆಟ್ಟದಷ್ಟಿದೆ ಎಂದು ಸಭೆಗಳನ್ನು ತಡೆಹಿಡಿದರು. 1989ರಲ್ಲಿ ಯಾವ ಕಾರಣಕ್ಕೆ ಮೊದಲ ವರ್ಷ ಸೋತಿತ್ತೋ ಅದೇ ಕಾರಣ. ಈ ಸಲ ತೆರಿಗೆ ಹೆಚ್ಚಿಸಿ ಹಣ ಹುಟ್ಟಿಸುವ ಮನಸ್ಸಿದ್ದವರು ಅಧಿಕಾರದಲ್ಲಿರಲಿಲ್ಲ. ಸಭೆಗಳಿಗೆ ಕಾನೂನಿನ ಬೇರು ಗಟ್ಟಿಯಾಗಿ ಇಳಿದಿರಲಿಲ್ಲವಾದ್ದರಿಂದ ಒಬ್ಬ ಮೇಯರ್ ಶುರು ಮಾಡಿದ್ದನ್ನು ಇನ್ನೊಬ್ಬ ಮೇಯರ್ ನಿಲ್ಲಿಸಬಹುದಿತ್ತು.

ನಮ್ಮ ನೆರೆಯ ಪುಣೆಯ ಅನುಭವ ನಮಗೆ ಇನ್ನೂ ಹತ್ತಿರದ್ದು. ಅಲ್ಲಿ 2006ರಲ್ಲಿ ಇದು ಶುರುವಾದದ್ದು ಪಾಲಿಕೆಯ ಆಯುಕ್ತರ ಆಸಕ್ತಿಯಿಂದ. ನಾಗರಿಕರು ಒಂದು ಫಾರಂ ತುಂಬಿ ವಾರ್ಡ್ ಕಚೇರಿಗೆ ಕೊಡಬೇಕು. ಒಂದು ಕೆಲಸಕ್ಕೆ ಐದು ಲಕ್ಷ ರೂಪಾಯಿಯ ಮಿತಿ. ಫುಟ್‌ಪಾತ್, ಬೀದಿ ದೀಪ, ಕೂರಲು ಬೆಂಚು, ಇಂಥವೇ ಹೆಚ್ಚು ಬಂದವು. ಐದು ಲಕ್ಷದೊಳಗೆ ಇನ್ನೇನು ತಾನೇ ಕೇಳಲು ಸಾಧ್ಯ? ಹೀಗೆ ಬಂದ ಕೆಲಸಗಳಿಗೆ ಸಿಕ್ಕ ಹಣ ಪಾಲಿಕೆಯ ಒಟ್ಟು ಬಜೆಟ್ಟಿನಲ್ಲಿ ತೀರಾ ಸಣ್ಣ ಪಾಲು. ಅಲ್ಲಿ ಓಟು ಇಲ್ಲ. ಬಂದ ಫಾರಂಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕೆಂದು ಅಧಿಕಾರಿಗಳೂ ಪ್ರಭಾಗ ಸಮಿತಿಯ ಕಾರ್ಪೊರೇಟರುಗಳೂ ತೀರ್ಮಾನಿಸುತ್ತಾರೆ. ಆದರೂ ಅದು ವರ್ಷಗಟ್ಟಲೆ ಬಾಳಿದೆ ಎಂಬುದು ಸಣ್ಣ ಮಾತಲ್ಲ. ಫಾರಂ ಕೊಡುವುದಕ್ಕೂ ತೀರ್ಮಾನ ಮಾಡುವುದಕ್ಕೂ ಇರುವ ಅಂತರ ಮಾತ್ರ ಹಾಗೆಯೇ ಉಳಿದಿದೆ.

ಬೆಂಗಳೂರಿನಲ್ಲಿ ಜನಾಗ್ರಹ ಸಂಸ್ಥೆ 2001ರ ಹೊತ್ತಿಗೇ ವಾರ್ಡ್ ಕಾಮಗಾರಿಗಳ ಪಟ್ಟಿಯನ್ನು ನಿವಾಸಿಗಳಿಂದ ಮಾಡಿಸುವ ಅಭಿಯಾನ ನಡೆಸಿತ್ತು. 2015ರಿಂದ 'ನನ್ನ ನಗರ ನನ್ನ ಬಜೆಟ್' ಹೆಸರಿನಲ್ಲಿ ಜನರ ಬೇಡಿಕೆಗಳನ್ನು ಸಂಗ್ರಹಿಸಿ ಪಾಲಿಕೆಗೆ ಒಪ್ಪಿಸುತ್ತಾ ಬಂದಿದೆ. ಇವೆಲ್ಲ ಸಲಹೆಗಳು. ಸಲಹೆಯನ್ನು ಪಾಲಿಕೆ ಒಪ್ಪಲೂಬಹುದು, ಬಿಡಲೂಬಹುದು. ಹಳ್ಳಿಯಲ್ಲಿ ಗ್ರಾಮಸಭೆಗೆ ಕಾನೂನಿನ ಸ್ಥಾನವಿದೆ, ಫಲಾನುಭವಿಗಳ ಪಟ್ಟಿ ಅಲ್ಲಿ ಓದಬೇಕು, ಕ್ರಿಯಾ ಯೋಜನೆ ಅಲ್ಲಿ ಚರ್ಚೆಯಾಗಬೇಕು. ನಗರದವರಿಗೆ ಇರುವುದು ವಾರ್ಡ್ ಸಮಿತಿ. ಅದನ್ನು ನಡೆಸಬೇಕಾದ ಕಾರ್ಪೊರೇಟರುಗಳ ಅವಧಿ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ನಡೆಯದೆ, ಅಧಿಕಾರಿಗಳೇ ಆಡಳಿತ ನಡೆಸಿದರು. 2025ರಲ್ಲಿ ಬಿಬಿಎಂಪಿಯನ್ನು ಐದು ನಗರ ಪಾಲಿಕೆಗಳಾಗಿ ಒಡೆದಾಗಲೂ ಜನ ಆರಿಸಿದ ಸದಸ್ಯರು ಅಲ್ಲಿರಲಿಲ್ಲ. ಜನಪ್ರತಿನಿಧಿಯೇ ಇಲ್ಲದ ಕಡೆ ಜನರ ಬಜೆಟ್ ಎನ್ನುವುದಕ್ಕೆ ಆಸರೆಯಿಲ್ಲ. ಪೋರ್ತೊ ಅಲೆಗ್ರೆಯಲ್ಲಿ ಪುಸ್ತಿಕೆ ಹಿಡಿದು ಬಂದವರಿಗೆ ಲೆಕ್ಕ ಒಪ್ಪಿಸಲು ಎದುರಿಗೆ ಒಬ್ಬ ಮೇಯರ್ ಇದ್ದರು, ಅವರಿಗೆ ಮುಂದಿನ ಚುನಾವಣೆಯ ಚಿಂತೆಯೂ ಇತ್ತು.

ನಮ್ಮ ನಗರ ಪಾಲಿಕೆ, ನಗರಸಭೆ, ಪುರಸಭೆಗಳು ಬಜೆಟ್ಟಿಗೆ ಮುಂಚೆ ಸಾರ್ವಜನಿಕರ ಪೂರ್ವಭಾವಿ ಸಭೆ ಕರೆಯುತ್ತವೆ. ಸಭೆಗೆ ಬಂದವರು ತಮ್ಮ ರಸ್ತೆಯ ಗುಂಡಿ, ಬೀದಿ ನಾಯಿ, ಕಸದ ಗಾಡಿಯ ವಿಷಯ ಹೇಳುತ್ತಾರೆ, ಅಧಿಕಾರಿಗಳು ಬರೆದುಕೊಳ್ಳುತ್ತಾರೆ. ಈ ಸಲ ಹೋಗುವವರು ಗುಂಡಿಯ ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಸಂಬಳ, ವಿದ್ಯುತ್ ಬಿಲ್, ಹಳೆಯ ಗುತ್ತಿಗೆದಾರರ ಬಾಕಿ ಎಲ್ಲ ಕಳೆದು ಹೊಸ ಕೆಲಸಕ್ಕೆ ಈ ವರ್ಷ ಎಷ್ಟು ಉಳಿಯುತ್ತದೆ? ಅದನ್ನು ವಾರ್ಡುಗಳಿಗೆ ಯಾವ ಲೆಕ್ಕದಲ್ಲಿ ಹಂಚಿದ್ದೀರಿ, ಒಳಚರಂಡಿ ಇಲ್ಲದ ವಾರ್ಡಿಗೂ ಎಲ್ಲ ಇರುವ ವಾರ್ಡಿಗೂ ಒಂದೇ ಸಮವೇ? ಕಳೆದ ವರ್ಷದ ಸಭೆಯಲ್ಲಿ ಬರೆದುಕೊಂಡ ಕೆಲಸಗಳಲ್ಲಿ ಯಾವುದು ಮುಗಿದಿದೆ, ವಾರ್ಡುವಾರು ಪಟ್ಟಿ ಎಲ್ಲಿ? ಉತ್ತರವನ್ನು ಬರಹದಲ್ಲಿ ಕೇಳಿ. ಆ ಪಟ್ಟಿಯನ್ನು ಮುಂದಿನ ವರ್ಷದ ಸಭೆಗೆ ತಪ್ಪದೆ ಜೊತೆಗೆ ತನ್ನಿ.